ಒಂದೇ ಬಂಡೆ, ಎರಡು ಮಣ್ಣು

ಕರ್ನಾಟಕದ ಮಣ್ಣಿನ ನಕ್ಷೆಗೆ ಬಣ್ಣ ತುಂಬದೆ ಶಾಲೆ ದಾಟಿದವರು ಕಡಿಮೆ. ವಿಜಯಪುರ, ಬಾಗಲಕೋಟೆ, ಕಲಬುರಗಿಗೆ ಕಪ್ಪು. ತುಮಕೂರು, ಕೋಲಾರ, ಮಂಡ್ಯಕ್ಕೆ ಕೆಂಪು. ಕರಾವಳಿಗೂ ಘಟ್ಟದ ಅಂಚಿಗೂ ಜಂಬಿಟ್ಟಿಗೆಯ ಬಣ್ಣ. ನಕ್ಷೆಯ ಜೊತೆಗೆ ಒಂದು ಸಾಲಿನ ವಿವರಣೆಯೂ ಬರುತ್ತದೆ. ಲಾವಾ ಹೆಪ್ಪುಗಟ್ಟಿ ಆದ ಬಸಾಲ್ಟ್ ಬಂಡೆಯಿಂದ ಕಪ್ಪು ಮಣ್ಣು, ಗ್ರಾನೈಟ್ ಮತ್ತು ನೈಸ್ ಬಂಡೆಗಳಿಂದ ಕೆಂಪು ಮಣ್ಣು. ಪರೀಕ್ಷೆಯಲ್ಲಿ ಈ ಉತ್ತರಕ್ಕೆ ಪೂರ್ತಿ ಅಂಕ ಸಿಗುತ್ತದೆ. ಹೊಲಕ್ಕೆ ಇಳಿದು ನೋಡಿದರೆ ಮಾತ್ರ ಈ ವಿವರಣೆ ಅರ್ಧ ದಾರಿಗೇ ನಿಂತುಬಿಡುತ್ತದೆ.

ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ಸುತ್ತಮುತ್ತ ಬಸಾಲ್ಟ್ ಹರಿವಿನ ಸುಳಿವೇ ಇಲ್ಲ. ಡೆಕ್ಕನ್ ಲಾವಾ ನಿಂತದ್ದು ಅಲ್ಲಿಂದ ನೂರಾರು ಕಿಲೋಮೀಟರ್ ಉತ್ತರಕ್ಕೆ. ಇಲ್ಲಿರುವುದು ಬಹುಪಾಲು ನೈಸ್. ಬೆಂಗಳೂರಿನ ಲಾಲ್‌ಬಾಗ್ ಗುಡ್ಡದಲ್ಲಿ ಕಾಣುವ, ಸುಮಾರು 300 ಕೋಟಿ ವರ್ಷ ಹಳೆಯ ಬಂಡೆಯ ಬಳಗ. ಪುಸ್ತಕದ ಪ್ರಕಾರ ಇಲ್ಲೆಲ್ಲ ಕೆಂಪು ಮಣ್ಣೇ ಇರಬೇಕು. ದಿಬ್ಬದ ಮೇಲೆ, ಇಳಿಜಾರಿನಲ್ಲಿ ಇರುವುದೂ ಅದೇ. ಆದರೆ ದಿಬ್ಬ ಇಳಿದು ಹಳ್ಳದ ಕಡೆ ನಡೆದರೆ ಕಾಲ ಕೆಳಗಿನ ನೆಲ ಕಂದಾಗುತ್ತದೆ, ಆಮೇಲೆ ಕಪ್ಪಾಗುತ್ತದೆ, ಬೇಸಿಗೆಯಾದರೆ ಕೈ ತೂರುವಷ್ಟು ಅಗಲಕ್ಕೆ ಬಿರುಕು ಬಿಟ್ಟಿರುತ್ತದೆ. ಪಕ್ಕದ ಬಂಡೀಪುರ ಕಾಡಿನ ಮೂಲೆಹೊಳೆಯಲ್ಲಿ ಸುಮಾರು 4 ಚದರ ಕಿಲೋಮೀಟರ್ ವಿಸ್ತಾರದ ಒಂದು ಪುಟ್ಟ ಜಲಾನಯನವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಮತ್ತು ಫ್ರಾನ್ಸಿನ ವಿಜ್ಞಾನಿಗಳು ಜೊತೆಗೂಡಿ ಬಹುಕಾಲ ಅಧ್ಯಯನ ಮಾಡಿದ್ದಾರೆ. ಅಲ್ಲಿಯೂ ಇದೇ ಚಿತ್ರ: ಇಳಿಜಾರುಗಳ ಮೇಲೆ ಕೆಂಪು, ತಗ್ಗಿನಲ್ಲಿ ಕಪ್ಪು.

ಒಂದೇ ಬಂಡೆ, ಒಂದೇ ಮಳೆ, ಒಂದೇ ಬಿಸಿಲು. ನಡುವೆ ಇರುವ ಅಂತರ ಕೆಲವು ನೂರು ಮೀಟರ್. ಹಾಗಾದರೆ ಮಣ್ಣು ಎರಡಾದದ್ದು ಹೇಗೆ? ನನ್ನ ಮಟ್ಟಿಗೆ ಮಣ್ಣಿನ ಪಾಠ ಶುರುವಾಗಬೇಕಾದದ್ದು ನಕ್ಷೆಯಿಂದಲ್ಲ, ಈ ಪ್ರಶ್ನೆಯಿಂದ. ಇದಕ್ಕೆ ಉತ್ತರ ಸಿಕ್ಕಿದರೆ ನಕ್ಷೆಯ ಬಣ್ಣಗಳಿಗೂ ಅರ್ಥ ಸಿಗುತ್ತದೆ.

ನೀರು ಏನನ್ನು ಒಯ್ಯುತ್ತದೆ, ಏನನ್ನು ಬಿಡುತ್ತದೆ

ನೈಸ್ ಬಂಡೆಯ ಚೂರೊಂದನ್ನು ಬಿಸಿಲಿಗೆ ಹಿಡಿದರೆ ಮೂರು ಬಗೆಯ ಹರಳುಗಳು ಕಾಣುತ್ತವೆ. ಗಾಜಿನಂತೆ ಮಬ್ಬಾಗಿ ಹೊಳೆಯುವುದು ಬೆಣಚುಕಲ್ಲು. ಬಿಳಿ ಅಥವಾ ನಸುಗೆಂಪು ಬಣ್ಣದ, ಚಪ್ಪಟೆ ಮುಖವಿರುವುದು ಫೆಲ್ಡ್‌ಸ್ಪಾರ್. ಕರಿ ಚುಕ್ಕೆ, ಕರಿ ಹಾಳೆಗಳಂತಿರುವುದು ಕಬ್ಬಿಣದ ಅಂಶವಿರುವ ಕರಿ ಅಭ್ರಕ ಮತ್ತು ಅದರ ಬಂಧುಗಳು. ಮಳೆನೀರು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಆಮ್ಲೀಯವಾಗಿರುತ್ತದೆ. ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡುವ ಮೇಲ್ಮಣ್ಣನ್ನು ಹಾದು ಹೋಗುವಾಗ ಆ ಆಮ್ಲ ಇನ್ನಷ್ಟು ಹೆಚ್ಚುತ್ತದೆ. ಈ ನೀರಿಗೆ ಬೆಣಚುಕಲ್ಲು ಸುಲಭಕ್ಕೆ ಜಗ್ಗುವುದಿಲ್ಲ, ಮರಳಾಗಿ ಉಳಿಯುತ್ತದೆ. ಫೆಲ್ಡ್‌ಸ್ಪಾರ್ ಜಗ್ಗುತ್ತದೆ. ಅದರೊಳಗಿನ ಸೋಡಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಕರಗಿ ಹೊರಬರುತ್ತವೆ, ಸಿಲಿಕದ ಒಂದು ಪಾಲೂ ಕರಗುತ್ತದೆ. ಅಲ್ಯೂಮಿನಿಯಂ ಮಾತ್ರ ಹೆಚ್ಚು ಕದಲದೆ, ಉಳಿದ ಸಿಲಿಕದೊಂದಿಗೆ ಸೇರಿ ಹೊಸ ಖನಿಜವಾಗುತ್ತದೆ. ಆ ಹೊಸ ಖನಿಜವೇ ಜೇಡಿ. ಜೇಡಿ ಎಂದರೆ ಬಂಡೆ ಬರೀ ನುಣ್ಣಗೆ ಪುಡಿಯಾದದ್ದಲ್ಲ. ಬಂಡೆಯಲ್ಲಿ ಇಲ್ಲದಿದ್ದ, ಮಣ್ಣಿನಲ್ಲೇ ಹುಟ್ಟಿದ ವಸ್ತು ಅದು.

ಇಲ್ಲಿಯೇ ದಾರಿ ಕವಲೊಡೆಯುವುದು. ಯಾವ ಜೇಡಿ ಹುಟ್ಟುತ್ತದೆ ಎಂಬುದು, ಕರಗಿದ ಸಿಲಿಕ ಮತ್ತು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ನೀರು ಆ ಜಾಗದಿಂದ ಎಷ್ಟು ಬೇಗ ಒಯ್ದುಬಿಡುತ್ತದೆ ಎಂಬುದರ ಮೇಲೆ ನಿಂತಿದೆ.

ದಿಬ್ಬದ ಇಳಿಜಾರಿನಲ್ಲಿ ಮಳೆನೀರು ಮಣ್ಣಿನೊಳಗೆ ಇಳಿದು ಮುಂದಕ್ಕೆ ಬಸಿದು ಹೋಗುತ್ತದೆ. ಕರಗಿದ್ದೆಲ್ಲ ಅದರ ಜೊತೆ ಹೊರಡುತ್ತದೆ. ಉಳಿದ ಕಡಿಮೆ ಸಿಲಿಕದಿಂದ ಕಟ್ಟಲು ಸಾಧ್ಯವಾಗುವುದು ಕೆಯೊಲಿನೈಟ್ ಎಂಬ ಜೇಡಿ. ಅದರಲ್ಲಿ ಅಲ್ಯೂಮಿನದ ಒಂದು ಹಾಳೆಗೆ ಸಿಲಿಕದ ಒಂದೇ ಹಾಳೆ. ಈ ಜೋಡಿಗಳು ಒಂದರ ಮೇಲೊಂದು ಬಿಗಿಯಾಗಿ ಅಂಟಿಕೊಂಡಿರುವುದರಿಂದ ನಡುವೆ ನೀರು ನುಗ್ಗಲಾರದು. ಹಾಗಾಗಿ ಕೆಂಪು ಮಣ್ಣು ಒದ್ದೆಯಾದರೂ ಅಷ್ಟಾಗಿ ಉಬ್ಬುವುದಿಲ್ಲ, ಒಣಗಿದರೂ ಅಷ್ಟಾಗಿ ಬಿರಿಯುವುದಿಲ್ಲ. ಕರಿ ಖನಿಜಗಳಿಂದ ಬಿಡುಗಡೆಯಾದ ಕಬ್ಬಿಣಕ್ಕೆ ಇಲ್ಲಿ ಗಾಳಿ ಚೆನ್ನಾಗಿ ಸಿಗುವುದರಿಂದ ಅದು ಹೆಮಟೈಟ್ ಎಂಬ ಆಕ್ಸೈಡ್ ಆಗಿ ಜೇಡಿಯ ಕಣಗಳಿಗೆ ಬಳಿದುಕೊಳ್ಳುತ್ತದೆ. ಮಣ್ಣಿನ ಕೆಂಪು ಅದರದು. ನೂರರಲ್ಲಿ ಕೆಲವೇ ಪಾಲು ಹೆಮಟೈಟ್ ಇದ್ದರೂ ಇಡೀ ಹೊಲ ಕೆಂಪಾಗಿ ಕಾಣುತ್ತದೆ.

ಮೇಲಿನಿಂದ ಹೊರಟದ್ದು ಎಲ್ಲಿಗೆ ಹೋಯಿತು? ತಗ್ಗಿಗೆ. ದಿಬ್ಬ ಕಳೆದುಕೊಂಡ ಸಿಲಿಕ, ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲವೂ ನೀರಿನ ಜೊತೆ ಬಂದು ಹಳ್ಳದ ಬದಿಯಲ್ಲಿ ತಂಗುತ್ತವೆ. ನೆಲ ಮಟ್ಟಸವಾಗಿರುವುದರಿಂದ ನೀರು ಬೇಗ ಬಸಿಯುವುದಿಲ್ಲ. ಮಳೆಗಾಲ ಮುಗಿದ ಮೇಲೆ ಬಿಸಿಲು ಆ ನೀರನ್ನು ಹೀರಿದಾಗ ಕರಗಿದ್ದ ಅಂಶಗಳು ದಟ್ಟವಾಗುತ್ತವೆ. ಇಷ್ಟು ಸಿಲಿಕ ಕೈಗೆ ಸಿಕ್ಕಾಗ ಹುಟ್ಟುವ ಜೇಡಿಯೇ ಬೇರೆ, ಅದರ ಹೆಸರು ಸ್ಮೆಕ್ಟೈಟ್. ಇದರಲ್ಲಿ ಅಲ್ಯೂಮಿನದ ಒಂದು ಹಾಳೆಯ ಮೇಲೊಂದು ಕೆಳಗೊಂದು ಸಿಲಿಕದ ಹಾಳೆ. ಈ ಮೂರರ ಕಟ್ಟುಗಳು ಪರಸ್ಪರ ಸಡಿಲವಾಗಿ ಕೂತಿರುತ್ತವೆ. ನೀರು ಬಂದರೆ ಕಟ್ಟುಗಳ ನಡುವೆ ನುಗ್ಗಿ ಅವನ್ನು ದೂರ ಸರಿಸುತ್ತದೆ, ನೀರು ಹೋದರೆ ಅವು ಮತ್ತೆ ಹತ್ತಿರ ಬರುತ್ತವೆ. ಎರೆ ಹೊಲ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದು ಈ ಒಂದು ಗುಣದಿಂದ. ಹೆಚ್ಚಾದ ಕ್ಯಾಲ್ಸಿಯಂ ಕಾರ್ಬನೇಟ್ ಆಗಿ ಗಟ್ಟಿಯಾಗಿ, ಬಟಾಣಿಯಿಂದ ನೆಲ್ಲಿಕಾಯಿವರೆಗಿನ ಗಾತ್ರದ ಬಿಳಿ ಗಂಟುಗಳಾಗಿ ಮಣ್ಣಿನ ಆಳದಲ್ಲಿ ಕೂರುತ್ತದೆ. ಅವೇ ಸುಣ್ಣದ ಹರಳುಗಳು.

ಕಪ್ಪು ಬಣ್ಣದ ಬಗ್ಗೆ ಒಂದು ಮಾತು ಹೇಳಲೇಬೇಕು. ಕಪ್ಪಗಿರುವ ಮಣ್ಣೆಲ್ಲ ಸಾವಯವ ಗೊಬ್ಬರದಿಂದ ತುಂಬಿದೆ ಎಂಬ ನಂಬಿಕೆ ಬಹಳ ಗಟ್ಟಿಯಾಗಿದೆ. ಅದು ನಿಜವಲ್ಲ. ನಮ್ಮ ಎರೆ ಹೊಲಗಳಲ್ಲಿ ಸಾವಯವ ಇಂಗಾಲ ಸಾಮಾನ್ಯವಾಗಿ ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ಇರುವ ಅಲ್ಪ ಸಾವಯವ ಅಂಶವೇ ಸ್ಮೆಕ್ಟೈಟ್ ಜೇಡಿಗೆ ಬಿಗಿಯಾಗಿ ಹತ್ತಿಕೊಂಡು ಇಡೀ ಮಣ್ಣಿಗೆ ಕಪ್ಪು ಬಣ್ಣ ಕೊಡುತ್ತದೆ. ಬಣ್ಣ ನೋಡಿ ಫಲವತ್ತತೆಯ ತೀರ್ಪು ಕೊಡುವ ವಿದ್ಯಾರ್ಥಿ ಇಲ್ಲಿ ಸುಲಭವಾಗಿ ಜಾರುತ್ತಾನೆ.

ಹೀಗೆ ದಿಬ್ಬದಿಂದ ತಗ್ಗಿನವರೆಗೆ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಸಾಗುವ ಮಣ್ಣಿನ ಸಾಲನ್ನು 1930ರ ದಶಕದಲ್ಲಿ ಪೂರ್ವ ಆಫ್ರಿಕಾದಲ್ಲಿ ಕೆಲಸ ಮಾಡುತ್ತಿದ್ದ ಜೆಫ್ರಿ ಮಿಲ್ನ್ ಗುರುತಿಸಿದರು. ವಿಜ್ಞಾನದಲ್ಲಿ ಅದಕ್ಕೆ ‘ಕೆಟೀನ’ ಎಂಬ ಹೆಸರು ನಿಂತಿದೆ. ಮಣ್ಣು ಐದು ಕಾರಣಗಳ ಕೂಸು ಎಂದು ಹಾನ್ಸ್ ಜೆನ್ನಿ 1941ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ವಿವರಿಸಿದರು: ಬಂಡೆ, ಹವೆ, ಜೀವಿಗಳು, ನೆಲದ ಏರಿಳಿತ ಮತ್ತು ಕಾಲ. ಐದನ್ನೂ ಒಟ್ಟಿಗೆ ಹಿಡಿದು ಯೋಚಿಸಲು ಹೊರಟರೆ ಯಾವುದೂ ತಿಳಿಯುವುದಿಲ್ಲ. ಒಂದು ಇಳಿಜಾರಿನ ಲಾಭ ಏನೆಂದರೆ ಅಲ್ಲಿ ಬಂಡೆಯೂ ಮಳೆಯೂ ಹೆಚ್ಚುಕಮ್ಮಿ ಒಂದೇ, ಬದಲಾಗುವುದು ಮುಖ್ಯವಾಗಿ ನೆಲದ ಏರಿಳಿತ. ಉಳಿದವನ್ನು ಸುಮ್ಮನಿರಿಸಿ ಒಂದರ ಪರಿಣಾಮ ನೋಡುವ ಅವಕಾಶ ಅದು.

ಬಸಾಲ್ಟ್ ಕೆಂಪಾಗುವ ಕಡೆ

ನೀರೇ ನಿರ್ಧರಿಸುವುದಾದರೆ, ಬಂಡೆಯನ್ನು ಹಾಗೇ ಇಟ್ಟು ಮಳೆಯನ್ನು ಬದಲಿಸಿದಾಗಲೂ ಮಣ್ಣು ಬದಲಾಗಬೇಕು. ಅದನ್ನು ನೋಡಲು ಬೆಳಗಾವಿಗೂ ವಿಜಯಪುರಕ್ಕೂ ಹೋಗಬೇಕು. ಎರಡೂ ಊರಿನ ಅಡಿಯಲ್ಲಿ ಇರುವುದು ಡೆಕ್ಕನ್ ಬಸಾಲ್ಟ್, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ವಿಜಯಪುರದಲ್ಲಿ ವರ್ಷದ ಮಳೆ 600 ಮಿ.ಮೀ. ಆಸುಪಾಸು. ಆ ಮಳೆ ಬಂಡೆಯಿಂದ ಕರಗಿಸಿದ್ದನ್ನು ದೂರ ಸಾಗಿಸುವಷ್ಟಿಲ್ಲ. ಬಸಾಲ್ಟಿನಲ್ಲಿ ಮೊದಲೇ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೇರಳ. ಹಾಗಾಗಿ ಅಲ್ಲಿ ತಗ್ಗಷ್ಟೇ ಅಲ್ಲ, ಬಯಲೆಲ್ಲ ಎರೆ. ಬೆಳಗಾವಿಯಲ್ಲಿ ಮಳೆ ಅದರ ಎರಡರಷ್ಟು. ಘಟ್ಟದ ಕಡೆ ಹೋದಂತೆ ಇನ್ನೂ ಹಲವು ಪಟ್ಟು. ಅಲ್ಲಿ ಅದೇ ಬಸಾಲ್ಟಿನ ಮೇಲೆ ಕೆಂಪು ಮಣ್ಣೂ ಜಂಬಿಟ್ಟಿಗೆ ಕಲ್ಲೂ ಇವೆ. ಕರಾವಳಿಯವರು ಮುರಕಲ್ಲು ಎಂದು ಕತ್ತರಿಸಿ ಮನೆ ಕಟ್ಟುವುದು ಇದೇ ಜಾತಿಯ ಕಲ್ಲಿನಲ್ಲಿ. ತೊಳೆತ ಇನ್ನೂ ಮುಂದುವರಿದ ಜಾಗಗಳಲ್ಲಿ ಸಿಲಿಕ ಹೆಚ್ಚುಕಡಿಮೆ ಪೂರ್ತಿ ಹೊರಟುಹೋಗಿ ಅಲ್ಯೂಮಿನಿಯಂ ಆಕ್ಸೈಡ್ ಒಂದೇ ದಟ್ಟವಾಗಿ ಉಳಿದಿದೆ. ಬೆಳಗಾವಿ ಜಿಲ್ಲೆಯ ಬಾಕ್ಸೈಟ್ ನಿಕ್ಷೇಪಗಳು ಹುಟ್ಟಿದ್ದು ಹಾಗೆ.

ಅಲ್ಲಿಗೆ ಒಂದು ಏಣಿ ಕಣ್ಣಮುಂದೆ ನಿಲ್ಲುತ್ತದೆ. ನೀರು ಕಡಿಮೆ ಒಯ್ದಲ್ಲಿ ಸ್ಮೆಕ್ಟೈಟ್, ಸಾಕಷ್ಟು ಒಯ್ದಲ್ಲಿ ಕೆಯೊಲಿನೈಟ್, ಎಲ್ಲವನ್ನೂ ಒಯ್ದಲ್ಲಿ ಬರಿಯ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು. ಕಪ್ಪು, ಕೆಂಪು, ಜಂಬಿಟ್ಟಿಗೆ ಎಂದು ನಕ್ಷೆ ಮೂರು ಬಣ್ಣದಲ್ಲಿ ತೋರಿಸುವುದು ಬಹುಮಟ್ಟಿಗೆ ಈ ಏಣಿಯ ಮೂರು ಮೆಟ್ಟಿಲುಗಳನ್ನು. ದಿಬ್ಬದಿಂದ ಹಳ್ಳಕ್ಕೆ ಇಳಿದಾಗ ಕಂಡದ್ದೂ ಇದೇ ಏಣಿಯ ಒಂದು ತುಂಡನ್ನು.

ಆದರೆ ಬೀದರ್ ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಅಲ್ಲಿ ಇಂದಿನ ಮಳೆ ಬೆಳಗಾವಿಗಿಂತ ಕಡಿಮೆ, ಸುತ್ತಲಿನ ತಗ್ಗು ಪ್ರದೇಶವೆಲ್ಲ ಎರೆ. ಊರು ಕೂತಿರುವ ಎತ್ತರದ ಹಾಸು ಮಾತ್ರ ದಪ್ಪ ಜಂಬಿಟ್ಟಿಗೆ. ಬೀದರ್ ಕೋಟೆಯ ಕಂದಕವನ್ನು ಕಡಿದಿರುವುದು ಈ ಕಲ್ಲಿನಲ್ಲೇ. ಅಲ್ಲಿನ ಸುರಂಗ ಬಾವಿಗಳು ನೀರು ಪಡೆದದ್ದೂ ಈ ರಚನೆಯಿಂದಲೇ: ರಂಧ್ರಗಳಿರುವ ಜಂಬಿಟ್ಟಿಗೆಯಲ್ಲಿ ಇಳಿದ ಮಳೆನೀರು ಕೆಳಗಿನ ಗಟ್ಟಿ ಬಸಾಲ್ಟಿಗೆ ತಾಗಿ ಅಡ್ಡಕ್ಕೆ ಹರಿಯುತ್ತದೆ. ಇಂದಿನ ಹವೆಯಲ್ಲಿ ಇಷ್ಟು ದಪ್ಪ ಜಂಬಿಟ್ಟಿಗೆ ಹುಟ್ಟಲಾರದು. ಅದು ಕೋಟ್ಯಂತರ ವರ್ಷಗಳ ಹಿಂದಿನ, ಇನ್ನೂ ಒದ್ದೆಯಾದ ಹವೆಯ ಕುರುಹು. ಆ ಕಾಲದ ಸಮತಟ್ಟಾದ ನೆಲದ ಸುತ್ತಲಿನ ಭಾಗ ಕೊಚ್ಚಿಹೋಗಿ, ಗಟ್ಟಿಯಾಗಿದ್ದ ಹಾಸು ಮೇಲೆ ಉಳಿದಿದೆ. ಆದ್ದರಿಂದ ಮಣ್ಣನ್ನು ಇಂದಿನ ಮಳೆಯ ಅಂಕಿಯೊಂದಿಗೆ ಹೊಂದಿಸಿ ನೋಡುವಾಗ ಕಾಲವನ್ನು ಮರೆಯುವಂತಿಲ್ಲ. ಹೊಂದಿಕೆಯಾಗದ ಮಣ್ಣು ಸಿಕ್ಕಿದರೆ ಅಳತೆ ತಪ್ಪಿದೆ ಎಂದುಕೊಳ್ಳುವ ಮೊದಲು, ಅದು ಹಳೆಯ ಮಣ್ಣೇ ಎಂದು ಕೇಳಿಕೊಳ್ಳಬೇಕು.

ಇಳಿಜಾರನ್ನು ನಡೆದು ಓದುವುದು

ಇಷ್ಟನ್ನು ಕಣ್ಣಾರೆ ನೋಡಲು ಕಾಲೇಜಿನ ಪ್ರಯೋಗಾಲಯ ಬೇಡ. ಕಳೆ ಕೀಳುವ ಕುರುಪಿ, ಒಂದು ಸಲಿಕೆ, ಅಳತೆಯ ಟೇಪು, ನೀರಿನ ಬಾಟಲಿ, ಕೆಲವು ಪ್ಲಾಸ್ಟಿಕ್ ಚೀಲ, ಗುರುತು ಬರೆಯಲು ಪೆನ್ಸಿಲ್ ಸಾಕು. ಪೆನ್ನಿನ ಬರಹ ಒದ್ದೆ ಮಣ್ಣಿನ ಚೀಲದೊಳಗೆ ಅಳಿಸಿಹೋಗುತ್ತದೆ. ನಿಮ್ಮ ಊರಿನ ಸುತ್ತ ದಿಬ್ಬದಿಂದ ಹಳ್ಳದವರೆಗೆ ಸಾಗುವ, ಕಟ್ಟಡಗಳಿಲ್ಲದ ಒಂದು ಇಳಿಜಾರನ್ನು ಆರಿಸಿ. ಹೊಲದವರ ಅನುಮತಿ ಕೇಳಿ. ಅವರನ್ನು ಮಾತಾಡಿಸುವುದು ಬರಿಯ ಮರ್ಯಾದೆಗಲ್ಲ. ಯಾವ ತುಂಡಿನಲ್ಲಿ ನೀರು ನಿಲ್ಲುತ್ತದೆ, ಯಾವುದು ಮಸಾರಿ, ಯಾವುದು ಎರೆ, ಎಲ್ಲಿ ಮಳೆಯಾದ ಮರುದಿನವೇ ಕುಂಟೆ ಹೊಡೆಯಬಹುದು, ಎಲ್ಲಿ ಮೂರ್ನಾಲ್ಕು ದಿನ ಕಾಲಿಡಲಾಗದು ಎಂಬುದು ಅವರಿಗೆ ಗೊತ್ತು. ಉತ್ತರ ಕರ್ನಾಟಕದಲ್ಲಿ ಮಸಾರಿ ಹೊಲಕ್ಕೆ ಮುಂಗಾರಿ ಬಿತ್ತನೆ, ಎರೆಗೆ ಹಿಂಗಾರಿ ಬಿಳಿಜೋಳ, ಕಡಲೆ ಎಂಬ ಹಳೆಯ ರೂಢಿಯ ಹಿಂದೆ ಇರುವುದೂ ಜೇಡಿಯ ಈ ವ್ಯತ್ಯಾಸವೇ. ಎರೆ ಮಳೆಗಾಲದಲ್ಲಿ ಕೆಸರಾಗಿ ಯಾರನ್ನೂ ಒಳಗೆ ಬಿಡುವುದಿಲ್ಲ, ಆದರೆ ಹಿಡಿದಿಟ್ಟ ತೇವದಿಂದಲೇ ಚಳಿಗಾಲದ ಬೆಳೆಯನ್ನು ದಡ ಸೇರಿಸುತ್ತದೆ.

ಇಳಿಜಾರಿನ ಉದ್ದಕ್ಕೂ ನಾಲ್ಕೈದು ಕಡೆ ನೋಡಬೇಕು: ನೆತ್ತಿ, ಇಳಿಜಾರಿನ ಮೇಲ್ಭಾಗ, ನಡು, ಬುಡ ಮತ್ತು ಹಳ್ಳದ ದಡ. ಪ್ರತಿ ಕಡೆಯೂ ಅರ್ಧ ಮೀಟರ್ ಆಳದ ಗುಂಡಿ ಸಾಕಾಗುತ್ತದೆ. ಹೊಸದಾಗಿ ಕಡಿದ ರಸ್ತೆಯ ಬದಿ, ಕೃಷಿಹೊಂಡ, ಮನೆಯ ಪಾಯ ಸಿಕ್ಕಿದರೆ ಇನ್ನೂ ಒಳ್ಳೆಯದು, ಆಳದವರೆಗೆ ನೋಡಲು ಸಿಗುತ್ತದೆ. ಒಂದು ಎಚ್ಚರಿಕೆ: ಎದೆಮಟ್ಟಕ್ಕಿಂತ ಆಳದ ಕಾಲುವೆಗೆ, ಅದೂ ಎರೆ ಮಣ್ಣಿನಲ್ಲಿ ತೋಡಿದ್ದಕ್ಕೆ, ಇಳಿಯಬೇಡಿ. ಬಿರುಕುಗಳ ಗುಂಟ ಗೋಡೆ ಹೇಳದೆ ಕೇಳದೆ ಕುಸಿಯುತ್ತದೆ.

ಕಡಿದ ಗೋಡೆಯನ್ನು ಇದ್ದಂತೆಯೇ ನೋಡಿದರೆ ಏನೂ ತಿಳಿಯದು. ಮಳೆ ಇಳಿಸಿದ ಧೂಳು ಎಲ್ಲ ಪದರಗಳಿಗೂ ಒಂದೇ ಬಣ್ಣ ಬಳಿದಿರುತ್ತದೆ. ಕುರುಪಿಯಿಂದ ಮೇಲಿನಿಂದ ಕೆಳಕ್ಕೆ ಎರಡು ಮೂರು ಇಂಚು ಹೆರೆದು ಹೊಸ ಮುಖ ಮಾಡಿಕೊಳ್ಳಿ. ನಂತರ ಕುರುಪಿಯ ಮೊನೆಯನ್ನು ಮೇಲಿನಿಂದ ಕೆಳಗೆ ಅಲ್ಲಲ್ಲಿ ಚುಚ್ಚುತ್ತ ಬನ್ನಿ. ಕಣ್ಣಿಗೆ ಕಾಣದ ಪದರದ ಗಡಿ ಕೈಗೆ ತಿಳಿಯುತ್ತದೆ. ಗಟ್ಟಿತನ ಬದಲಾದಲ್ಲಿ ಒಂದು ಕಡ್ಡಿ ಚುಚ್ಚಿ ಆಳ ಅಳೆಯಿರಿ. ಬಣ್ಣವನ್ನು ಸ್ವಲ್ಪ ನೀರು ಚಿಮುಕಿಸಿ, ನೆರಳಿನಲ್ಲಿ ನೋಡಿ. ಒಣ ಮಣ್ಣು ಯಾವಾಗಲೂ ಇರುವುದಕ್ಕಿಂತ ತಿಳಿಯಾಗಿ ಕಾಣುತ್ತದೆ. ಒಂದು ಗುಂಡಿಯಲ್ಲಿ ಒಣ ಬಣ್ಣ, ಇನ್ನೊಂದರಲ್ಲಿ ಒದ್ದೆ ಬಣ್ಣ ಬರೆದುಕೊಂಡರೆ ಹೋಲಿಕೆಗೆ ಬೆಲೆ ಇಲ್ಲ.

ಗುಂಡ್ಲುಪೇಟೆಯಂಥ ನೈಸ್ ಇಳಿಜಾರಿನಲ್ಲಿ ಸಾಮಾನ್ಯವಾಗಿ ಸಿಗುವ ಚಿತ್ರ ಹೀಗಿರುತ್ತದೆ. ನೆತ್ತಿಯಲ್ಲಿ ಬಂಡೆ ತಲೆ ಎತ್ತಿರುತ್ತದೆ, ಮಣ್ಣು ಗೇಣುದ್ದವೂ ಇಲ್ಲ, ಇದ್ದದ್ದೆಲ್ಲ ಗರಸು. ಹುಟ್ಟಿದ ಮಣ್ಣು ನಿಲ್ಲದೆ ಕೊಚ್ಚಿಹೋಗುವ ಜಾಗ ಇದು. ನಡು ಇಳಿಜಾರಿನಲ್ಲಿ ಮೇಲೆ ಒಂದು ಗೇಣು ಕಂದು ಬಣ್ಣದ ಮರಳುಮಿಶ್ರಿತ ಮಣ್ಣು, ಕೆಳಗೆ ಅದಕ್ಕಿಂತ ಕೆಂಪಾದ, ಹೆಚ್ಚು ಅಂಟಿನ ಪದರ. ಮೇಲಿನ ಪದರದ ನುಣ್ಣನೆಯ ಜೇಡಿಯನ್ನು ನೀರು ಕೆಳಕ್ಕೆ ಇಳಿಸಿ ಅಲ್ಲಿ ಕೂಡಿಟ್ಟಿದೆ. ಆ ಪದರದ ಹೆಂಟೆಯೊಂದನ್ನು ಮುರಿದು ಬೆಳಕಿಗೆ ಹಿಡಿದರೆ ಮುಖದ ಮೇಲೆ ಮೇಣ ಸವರಿದಂಥ ತೆಳು ಹೊಳಪು ಕಾಣಬಹುದು. ಅದು ಇಳಿದುಬಂದ ಜೇಡಿಯ ಲೇಪ. ಇನ್ನೂ ಕೆಳಗೆ ಕೊಳೆತ ಬಂಡೆ: ಆಕಾರ, ಪಟ್ಟೆ ಎಲ್ಲ ಬಂಡೆಯದೇ, ಬೆರಳಿನಲ್ಲಿ ಒತ್ತಿದರೆ ಪುಡಿ. ಬುಡಕ್ಕೆ ಬಂದಂತೆ ಕೆಂಪು ಮಾಸಿ ಕಂದಾಗುತ್ತದೆ. ಹಳ್ಳದ ದಡದಲ್ಲಿ ಮೇಲಿನಿಂದ ಕೆಳಗಿನವರೆಗೆ ಹೆಚ್ಚುಕಡಿಮೆ ಒಂದೇ ಕಪ್ಪು, ಪದರಗಳ ಗಡಿಯೇ ಸಿಗುವುದಿಲ್ಲ. ಕಾರಣ ಬಿರುಕುಗಳು. ಬೇಸಿಗೆಯಲ್ಲಿ ಮೇಲ್ಮಣ್ಣು ಬಿರುಕಿನೊಳಗೆ ಉದುರುತ್ತದೆ, ಮಳೆಗೆ ಆ ಮಣ್ಣು ಆಳದಲ್ಲಿ ಉಬ್ಬಿ ಸುತ್ತಲಿನದನ್ನು ಮೇಲಕ್ಕೆ ತಳ್ಳುತ್ತದೆ. ವರ್ಷ ವರ್ಷವೂ ಹೀಗೆ ನಡೆದು ಮಣ್ಣು ತನ್ನನ್ನು ತಾನೇ ಉತ್ತುಕೊಳ್ಳುತ್ತದೆ. ಸ್ವಲ್ಪ ಆಳದ ಹೆಂಟೆಗಳಲ್ಲಿ ಓರೆಯಾದ, ಗೀರು ಬಿದ್ದ ನುಣುಪು ಮುಖಗಳು ಕಂಡರೆ, ಅವು ಉಬ್ಬಿದ ಮಣ್ಣು ಒಂದರ ಮೇಲೊಂದು ಜಾರಿದ ಗುರುತುಗಳು. ಎರೆಯನ್ನು ಬಣ್ಣಕ್ಕಿಂತ ಖಚಿತವಾಗಿ ಹೇಳುವ ಸಾಕ್ಷಿ ಅದು.

ಕೈ, ನೀರು, ಹುಳಿ

ಮಣ್ಣಿನ ಕಣಗಳಲ್ಲಿ 2 ಮಿ.ಮೀ.ಯಿಂದ 0.05 ಮಿ.ಮೀ.ವರೆಗಿನದು ಮರಳು, ಅಲ್ಲಿಂದ 0.002 ಮಿ.ಮೀ.ವರೆಗಿನದು ಹೂಳು, ಅದಕ್ಕಿಂತ ಚಿಕ್ಕದು ಜೇಡಿ. ಈ ಪ್ರಮಾಣವನ್ನು ಅಂದಾಜಿಸಲು ಹಿಡಿ ಮಣ್ಣಿನಿಂದ ಕಲ್ಲು, ಬೇರು ತೆಗೆದು, ನೀರು ಹಾಕಿ, ರೊಟ್ಟಿ ಹಿಟ್ಟಿನ ಹದಕ್ಕೆ ನಾದಿ. ಉಂಡೆಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತುತ್ತ ಪಟ್ಟಿಯಂತೆ ಮುಂದಕ್ಕೆ ತಳ್ಳಿ. ಉಂಡೆಯೇ ಆಗದಿದ್ದರೆ ಅದು ಮರಳು. ಪಟ್ಟಿ 2.5 ಸೆಂ.ಮೀ. ತಲುಪುವ ಮೊದಲೇ ಮುರಿದರೆ ಜೇಡಿ ಕಡಿಮೆ, 5 ಸೆಂ.ಮೀ. ದಾಟಿದರೂ ಮುರಿಯದಿದ್ದರೆ ಜೇಡಿ ಮಣ್ಣು. ಎರೆ ಸುಲಭವಾಗಿ ಆ ಅಳತೆ ದಾಟುತ್ತದೆ.

ಕೆಂಪು ಮಣ್ಣು ಈ ಪರೀಕ್ಷೆಯಲ್ಲಿ ಮೋಸ ಮಾಡುತ್ತದೆ. ಅದರಲ್ಲಿನ ಕಬ್ಬಿಣದ ಆಕ್ಸೈಡು ಜೇಡಿಯ ಕಣಗಳನ್ನು ಸಣ್ಣ ಗುಳಿಗೆಗಳಾಗಿ ಬೆಸೆದಿರುತ್ತದೆ, ಮೊದಲಿಗೆ ಅವು ಕೈಗೆ ಮರಳಿನಂತೆ ತಗಲುತ್ತವೆ. ಅರ್ಧ ನಿಮಿಷ ನಾದಿ ‘ಮರಳು ಮಣ್ಣು’ ಎಂದು ಬರೆದುಬಿಡುವುದು ಬಹಳ ಸಾಮಾನ್ಯ. ಇನ್ನೂ ಎರಡು ಮೂರು ನಿಮಿಷ, ನಡುನಡುವೆ ಹನಿ ನೀರು ಸೇರಿಸುತ್ತ ನಾದಿ. ಗುಳಿಗೆಗಳು ಒಡೆದು ಅಂಟು ಹೊರಬರುತ್ತದೆ, ಪಟ್ಟಿ ಉದ್ದವಾಗುತ್ತದೆ. ನಿಜವಾದ ಮರಳಾದರೆ ಎಷ್ಟು ನಾದಿದರೂ ಕರಕರ ನಿಲ್ಲುವುದಿಲ್ಲ.

ಜೇಡಿ ಎಷ್ಟಿದೆ ಎಂಬುದಕ್ಕಿಂತ ಯಾವ ಜೇಡಿ ಎಂಬುದು ಇಲ್ಲಿ ಮುಖ್ಯ, ಅದನ್ನು ಪಟ್ಟಿ ಹೇಳದು. ಅದಕ್ಕೆ ಬೇರೆ ಉಪಾಯವಿದೆ. ದಿಬ್ಬದ ಮಣ್ಣು ಮತ್ತು ಹಳ್ಳದ ಮಣ್ಣನ್ನು ಒಂದೇ ಹದಕ್ಕೆ ನಾದಿ, ಬೆರಳು ಗಾತ್ರದ, ಸರಿಯಾಗಿ 10 ಸೆಂ.ಮೀ. ಉದ್ದದ ಕಡ್ಡಿಗಳಾಗಿ ಹೊಸೆದು, ಎಣ್ಣೆ ಸವರಿದ ತಟ್ಟೆಯ ಮೇಲೆ ನೆರಳಿನಲ್ಲಿ ಒಣಗಲು ಬಿಡಿ. ಬಿಸಿಲಿಗಿಟ್ಟರೆ ಮೇಲ್ಮೈ ಮೊದಲು ಒಣಗಿ ಕಡ್ಡಿ ಮುರಿಯುತ್ತದೆ. ಪೂರ್ತಿ ಒಣಗಿದ ಮೇಲೆ ಅಳೆಯಿರಿ. ಕೆಂಪು ಮಣ್ಣಿನ ಕಡ್ಡಿ ಕೆಲವೇ ಮಿಲಿಮೀಟರ್ ಕುಗ್ಗಿರುತ್ತದೆ, ಒಳ್ಳೆಯ ಎರೆಯ ಕಡ್ಡಿ 1 ಸೆಂ.ಮೀ. ಆಸುಪಾಸು ಕುಗ್ಗಿ ಬಿಲ್ಲಿನಂತೆ ಬಾಗಿರುವುದೂ ಉಂಟು. ಎರಡು ಖನಿಜಗಳ ಹಾಳೆಗಳ ನಡುವೆ ನಡೆಯುವುದನ್ನು ಸೂಕ್ಷ್ಮದರ್ಶಕವಿಲ್ಲದೆ ಸ್ಕೇಲಿನಲ್ಲಿ ಅಳೆಯುವ ದಾರಿ ಇದು.

ಸುಣ್ಣಕ್ಕೆ ಹುಳಿಯ ಪರೀಕ್ಷೆ. ಕಾಲೇಜಿನಲ್ಲಿ ಅಧ್ಯಾಪಕರ ಜೊತೆಗಾದರೆ ತೆಳು ಹೈಡ್ರೋಕ್ಲೋರಿಕ್ ಆಮ್ಲದ ಒಂದೆರಡು ಹನಿ, ಮನೆಯಲ್ಲಾದರೆ ವಿನೆಗರ್. ಬುರುಬುರು ನೊರೆ ಬಂದರೆ ಕ್ಯಾಲ್ಸಿಯಂ ಕಾರ್ಬನೇಟ್ ಇದೆ. ವಿನೆಗರ್ ದುರ್ಬಲ ಆಮ್ಲವಾದ್ದರಿಂದ ಬಿಳಿ ಹರಳನ್ನು ಮೊದಲು ಪುಡಿ ಮಾಡಿ ಹಾಕಿ. ನೊರೆಯ ಸದ್ದು ಕಿವಿಯ ಹತ್ತಿರ ಹಿಡಿದರೆ ಮಾತ್ರ ಕೇಳುವಷ್ಟು ಸಣ್ಣದಿರಬಹುದು. ಇಳಿಜಾರಿನ ಯಾವ ಗುಂಡಿಯಿಂದ, ಎಷ್ಟು ಆಳದಿಂದ ನೊರೆ ಶುರುವಾಯಿತು ಎಂದು ಗುರುತಿಸಿ. ಮೇಲಿನ ಗುಂಡಿಗಳಲ್ಲಿ ಇಲ್ಲದೆ ಕೆಳಗಿನವುಗಳಲ್ಲಿ ಮಾತ್ರ ಸಿಕ್ಕಿದರೆ, ದಿಬ್ಬ ಕಳೆದುಕೊಂಡ ಕ್ಯಾಲ್ಸಿಯಂನ ಜಾಡು ನಿಮಗೆ ಸಿಕ್ಕಿದೆ.

ಕಣ್ಣಿಗೆ ಮಣ್ಣೆರಚುವ ಮಣ್ಣು

ಮನುಷ್ಯರ ಕೈ ತಾಗದ ಹೊಲ ನಮ್ಮಲ್ಲಿ ಇಲ್ಲ. ಹಳೇ ಮೈಸೂರಿನ ಕಡೆ ಬೇಸಿಗೆಯಲ್ಲಿ ಕೆರೆಯ ಗೋಡು ತುಂಬಿ ಕೆಂಪು ಹೊಲಕ್ಕೆ ಹೊಡೆಯುವುದು ತಲೆತಲಾಂತರದ ಪದ್ಧತಿ. ಅಂಥ ಹೊಲದಲ್ಲಿ ಮೇಲಿನ ಗೇಣು ಕಪ್ಪು, ಕೆಳಗೆ ಥಟ್ಟನೆ ಕೆಂಪು ಸಿಗುತ್ತದೆ. ಸಹಜವಾಗಿ ಹುಟ್ಟಿದ ಪದರಗಳ ಗಡಿ ಸಾಮಾನ್ಯವಾಗಿ ಮೆಲ್ಲಗೆ ಬದಲಾಗುತ್ತದೆ. ಸುರಿದ ಮಣ್ಣಿನ ಗಡಿ ಗೆರೆ ಎಳೆದಂತಿರುತ್ತದೆ, ನೇಗಿಲು ತಲುಪುವ ಆಳಕ್ಕೆ ನಿಂತಿರುತ್ತದೆ. ಅದರಲ್ಲಿ ಕೆರೆಯ ಶಂಖದ ಚಿಪ್ಪು, ಮಡಕೆಯ ಚೂರು ಸಿಗುವುದೂ ಉಂಟು. ರಸ್ತೆಯ ಅಂಚಿನ ಗರಸೂ ಬೇರೆಲ್ಲಿಂದಲೋ ತಂದು ಸುರಿದದ್ದು. ಆದ್ದರಿಂದ ರಸ್ತೆ ಬದಿಯಲ್ಲಿ ನೋಡುವಾಗ ತುಂಬಿದ ಭಾಗವನ್ನು ಬಿಟ್ಟು, ಕಡಿದ ಭಾಗವನ್ನೇ ಆರಿಸಿ.

ಹುತ್ತ ಮಾತ್ರ ನಂಬಬಹುದಾದ ಜೊತೆಗಾರ. ಗೆದ್ದಲು ಅದನ್ನು ಕಟ್ಟುವುದು ಬಹುಪಾಲು ಕೆಳಗಿನ ಪದರದ ಮಣ್ಣಿನಿಂದ. ಹೊಲದ ಮೇಲ್ಮೈ ಮಾಸಲು ಕಂದಾಗಿದ್ದು ಹುತ್ತ ಕಡುಗೆಂಪಾಗಿದ್ದರೆ, ಗುಂಡಿ ತೋಡುವ ಮೊದಲೇ ಕೆಳಗೇನಿದೆ ಎಂಬ ಅಂದಾಜು ಸಿಗುತ್ತದೆ. ಆದರೆ ಗೆದ್ದಲು ನುಣ್ಣನೆಯ ಕಣಗಳನ್ನೇ ಆರಿಸಿ ತರುತ್ತದೆ. ಹಾಗಾಗಿ ಹುತ್ತದ ಮಣ್ಣಿನ ಬಣ್ಣ ನೋಡಬಹುದೇ ಹೊರತು ಅದರಿಂದ ಜೇಡಿಯ ಪ್ರಮಾಣ ಅಳೆಯುವಂತಿಲ್ಲ.

ಕೊನೆಯದಾಗಿ, ಎಲ್ಲವನ್ನೂ ಒಂದು ಉದ್ದನೆಯ ಚಿತ್ರಕ್ಕೆ ಇಳಿಸಿ. ಇಳಿಜಾರಿನ ಆಕಾರ ಬರೆದು, ಗುಂಡಿಗಳ ಜಾಗದಲ್ಲಿ ಬಣ್ಣ, ಪಟ್ಟಿಯ ಉದ್ದ, ಕಡ್ಡಿ ಕುಗ್ಗಿದ ಅಳತೆ, ನೊರೆ ಬಂದ ಆಳವನ್ನು ನಮೂದಿಸಿ. ನಾಲ್ಕೂ ಒಂದೇ ಕಡೆಗೆ ಬದಲಾಗುತ್ತ ಹೋದರೆ ಇಳಿಜಾರಿನ ನೀರು ಈ ಮಣ್ಣುಗಳನ್ನು ಬೇರೆ ಮಾಡಿದೆ ಎನ್ನಲು ಆಧಾರವಿದೆ. ಸಾಲಿನ ನಡುವೆ ಒಂದು ಗುಂಡಿ ಹೊಂದಿಕೆಯಾಗದೆ, ಉದಾಹರಣೆಗೆ ನಡು ಇಳಿಜಾರಿನಲ್ಲೇ ಕಪ್ಪು ಮಣ್ಣಿನ ಕಿರಿದಾದ ಪಟ್ಟಿ ಸಿಕ್ಕಿದರೆ, ಅದನ್ನು ಅಳಿಸಿ ಚಿತ್ರವನ್ನು ಅಂದಗಾಣಿಸಬೇಡಿ. ಅಲ್ಲಿ ಕೊಳೆತ ಬಂಡೆ ಸಿಗುವವರೆಗೆ ತೋಡಿ. ಚಾಮರಾಜನಗರದ ಸೀಮೆಯಲ್ಲಿ ನೈಸ್ ಬಂಡೆಯನ್ನು ಸೀಳಿಕೊಂಡು ಡಾಲರೈಟ್ ಗೋಡೆಗಳು ಹಾದುಹೋಗಿವೆ. ಕರಿಕಲ್ಲು ಎಂದು ಗಣಿಗಳಿಂದ ತೆಗೆದು ಮಾರುವುದು ಅದನ್ನೇ. ಅದರ ರಾಸಾಯನಿಕ ಗುಣ ಬಸಾಲ್ಟಿಗೆ ಹತ್ತಿರ, ಕ್ಯಾಲ್ಸಿಯಂ, ಮೆಗ್ನೀಸಿಯಂ ಹೇರಳ. ಗುಂಡಿಯ ತಳದಲ್ಲಿ ಬಿಳಿ ಬೆಣಚಿನ ಹರಳು ಕಂಡರೆ ಕಪ್ಪಿನ ಕಾರಣವನ್ನು ನೀರಿನಲ್ಲಿ ಹುಡುಕಬೇಕು. ಬೆಣಚೇ ಇಲ್ಲದೆ, ಈರುಳ್ಳಿಯ ಸಿಪ್ಪೆಯಂತೆ ಸುತ್ತಲೂ ಏಳುವ ಕರಿ ಗುಂಡುಗಳು ಸಿಕ್ಕರೆ, ಆ ಒಂದು ಪಟ್ಟಿಯ ಮಟ್ಟಿಗೆ ಕಾರಣ ಬಂಡೆಯೇ.